ಗರಸು ಮಣ್ಣಿನ ಇಂಗಾಲ: ಒಂದೇ ಸ್ಯಾಂಪಲ್‌ಗೆ ಮೂರು ಉತ್ತರ ಬರ್ತಿದೆ

ಮಾವಿನತೋಪು
ಶ್ರೀನಿವಾಸಪುರದ ಹತ್ತಿರ ನಮ್ಮ ತೋಪು, ಕೆಂಪು ಗರಸು ಮಣ್ಣು. ಮೇಲಿನ 15 ಸೆಂ.ಮೀ.ನಲ್ಲಿ ಹೆಕ್ಟೇರಿಗೆ ಎಷ್ಟು ಟನ್ ಸಾವಯವ ಇಂಗಾಲ ಇದೆ ಅಂತ ಲೆಕ್ಕ ಹಾಕ್ತಿದ್ದೀನಿ. 500 ಘನ ಸೆಂ.ಮೀ. ಉಂಗುರ ಬಡಿದು ತೆಗೆದ ಮಣ್ಣು, 105 ಡಿಗ್ರಿಯಲ್ಲಿ ಒಣಗಿಸಿದ ಮೇಲೆ 800 ಗ್ರಾಂ. 2 ಮಿ.ಮೀ. ಜರಡಿ ಮೇಲೆ ಉಳಿದ ಕಲ್ಲು 260 ಗ್ರಾಂ. ಜರಡಿ ಇಳಿದ ಮಣ್ಣಲ್ಲಿ ಇಂಗಾಲ 0.6%. ಕಲ್ಲು ಕಳೆಯದೆ ಲೆಕ್ಕ ಹಾಕಿದ್ರೆ 14.4 ಟನ್. ಕಲ್ಲು ಕಳೆದ್ರೆ ಒಂದು ರೀತೀಲಿ 11.5, ಇನ್ನೊಂದು ರೀತೀಲಿ 9.7. ಯಾವುದನ್ನ ನಂಬಲಿ?

ಎರೆಹೊಲ
0.6 ಅಂದ್ರ ಚಲೋ ಐತ್ರಿ. ವಿಜಯಪುರದಾಗ ನಮ್ಮ ಹೊಲದ ಕಾರ್ಡಿನ್ಯಾಗ 0.4 ಬಂದೈತಿ. ಎಕರೆಕ್ಕ ಎಷ್ಟು ತಿಪ್ಪಿ ಗೊಬ್ಬರ ಹಾಕೀರಿ?

ಸರ್ವೆಹುಡುಗ
ಕಲ್ಲನ್ನ ತೂಕದಲ್ಲಿ ಕಳೀಬಾರದು, ಅದು ಹಿಡಿದ ಜಾಗದ ಲೆಕ್ಕದಲ್ಲಿ ಕಳೀಬೇಕು. 260 ಗ್ರಾಂ ಕಲ್ಲಿನ ಸಾಂದ್ರತೆ 2.6 ಅಂದ್ಕೊಂಡ್ರೆ 100 ಘನ ಸೆಂ.ಮೀ., ಅಂದ್ರೆ ಉಂಗುರದ 20%. 14.4ರಲ್ಲಿ 20% ತೆಗೆದ್ರೆ 11.5. ಅದೇ ಸರಿ.

ಮಣ್ಣುಕುಣಿ
20% ಸರಿ, ಅದನ್ನ ಕಳೆದ ಜಾಗ ತಪ್ಪು. 14.4 ಬಂದಿದ್ದು 800/500 = 1.6 ಅನ್ನೋ ಸಾಂದ್ರತೆಯಿಂದ. ಆ 1.6ರೊಳಗೆ ಕಲ್ಲಿನ ತೂಕವೂ ಸೇರಿದೆ. ಜಾಗ ಮಾತ್ರ ಕಳೆದ್ರೆ ಕಲ್ಲಿನ ಭಾರವೆಲ್ಲ ಮಣ್ಣಿನ ಲೆಕ್ಕದಲ್ಲೇ ಉಳಿದುಬಿಡುತ್ತೆ. ಇಂಗಾಲ ಅಳೆದಿರೋದು ಜರಡಿ ಇಳಿದ ಮಣ್ಣಲ್ಲಿ. ಹಾಗಾಗಿ ಇಡೀ ಉಂಗುರದ ಜಾಗದಲ್ಲಿ ಆ ಮಣ್ಣು ಎಷ್ಟಿದೆ ಅಂತ ನೋಡಿದ್ರೆ ಸಾಕು:

```
(800 - 260) / 500 = 1.08
0.6 × 1.08 × 15 = 9.72 ಟನ್/ಹೆ.
```

ಕಲ್ಲಿನ ಜಾಗ ಕಳೆಯಬೇಕು ಅಂದ್ರೆ ಸಾಂದ್ರತೆಯನ್ನೂ ಕಲ್ಲಿಲ್ಲದ ಮಣ್ಣಿನದೇ ತಗೊಳ್ಳಿ: 540/400 = 1.35, ಅದರ 80% ಮತ್ತೆ 1.08. ಆದ್ರೆ 1.08ಕ್ಕೆ ಮತ್ತೆ 0.8 ಗುಣಿಸಬೇಡಿ. ಒಂದೇ ಕಲ್ಲನ್ನ ಎರಡು ಸಲ ಕಳೆದು 7.8ಕ್ಕೆ ಇಳಿಸಿದ ವರದಿಗಳನ್ನ ನಾನೇ ತಿದ್ದಿದ್ದೀನಿ.

ಇನ್ನೊಂದು, ಆ 260 ಗ್ರಾಂ ಪೂರ್ತಿ ಕಲ್ಲೇನಾ? ಒಣಗಿದ ಕೆಂಪು ಹೆಂಟೆ ನೋಡೋಕೆ ಗರಸಿನ ಹಾಗೇ ಇರುತ್ತೆ. ರಾತ್ರಿ ನೀರಲ್ಲಿ ನೆನೆಸಿ ನೋಡಿ.

ಮುರಕಲ್ಲು
ನಮ್ಮ ಪುತ್ತೂರಿನ ಮುರಕಲ್ಲು ತುಂಬಾ ತೂತು ಮಾರಾಯ್ರೆ, ಅದಕ್ಕೆ 2.6 ಹೇಗೆ ಹಾಕುವುದು?

ಮಣ್ಣುಕುಣಿ
ಹಾಕೋದೇ ಬೇಡ. ಮೊದಲನೇ ದಾರಿಯಲ್ಲಿ ಕಲ್ಲಿನ ತೂಕ ಸಾಕು, ಅದರ ಸಾಂದ್ರತೆ ಲೆಕ್ಕಕ್ಕೇ ಬರಲ್ಲ.

ಮಾವಿನತೋಪು
ನೆನೆಸಿದೆ ಸರ್. ಬೆಳಿಗ್ಗೆ ಬಕೆಟ್ ತಳದಲ್ಲಿ ಕೆಂಪು ಕೆಸರು! ತೊಳೆದು ಒಣಗಿಸಿ ತೂಗಿದ್ರೆ ಕಲ್ಲು 220 ಗ್ರಾಂ ಅಷ್ಟೇ. ಈಗ ಮಣ್ಣು 580, ಸಾಂದ್ರತೆ 1.16, ಉತ್ತರ 10.4 ಟನ್.

ಮಣ್ಣುಕುಣಿ
ಸದ್ಯಕ್ಕೆ 10.4 ಇಟ್ಕೊಳ್ಳಿ. ಆ 40 ಗ್ರಾಂ ಹೆಂಟೆಯ ಇಂಗಾಲ ಲ್ಯಾಬ್ ನೋಡಿಲ್ಲ. ಪಕ್ಕದಲ್ಲೇ ಇನ್ನೊಂದು ಸ್ಯಾಂಪಲ್ ತೆಗೆದು, ಹೆಂಟೆ ಕುಟ್ಟಿ ಜರಡಿ ಹಿಡಿದು ಕೊಡಿ. ತೊಳೆದಿದ್ದನ್ನ ಕೊಡಬೇಡಿ.

ಸರ್ವೆಹುಡುಗ
ಒಪ್ಪಿದೆ, ನನ್ನ ಲೆಕ್ಕ ತಿದ್ಕೋತೀನಿ. ಆದ್ರೆ ಮುಷ್ಟಿ ಗಾತ್ರದ ಕಲ್ಲು ಉಂಗುರದೊಳಗೆ ಬರೋದೇ ಇಲ್ವಲ್ಲ? ಬಡಿದಾಗ ಟಣ್ ಅಂದ್ರೆ ನಾವು ಉಂಗುರ ಪಕ್ಕಕ್ಕೆ ಸರಿಸ್ತೀವಿ.

ಮಣ್ಣುಕುಣಿ
ಹಾಗೆ ಸರಿಸಿದ್ರೆ ಕಲ್ಲು ಕಮ್ಮಿ ಬಂದು ಇಂಗಾಲ ಜಾಸ್ತಿ ಕಾಣುತ್ತೆ. ಅಲ್ಲಿ ಗುಂಡಿ ತೋಡಿ, ಬಂದಿದ್ದೆಲ್ಲ ತೂಗಿ, ಗುಂಡಿಗೆ ಪ್ಲಾಸ್ಟಿಕ್ ಹಾಸಿ ನೀರು ತುಂಬಿ ಅಳೀಬೇಕು. ಒಂದು ತೋಪಿಗೆ ಎಷ್ಟು ಗುಂಡಿ ಸಾಕು ಅನ್ನೋದು ಕಲ್ಲು ಎಷ್ಟು ಏರುಪೇರಾಗಿದೆ ಅನ್ನೋದರ ಮೇಲೆ. ನಿಮ್ಮ ತೋಪಲ್ಲಿ ದಿಣ್ಣೆಗೂ ತಗ್ಗಿಗೂ ಕಲ್ಲು ಬೇರೆ ಥರ ಇದ್ಯಾ?

ಮಾವಿನತೋಪು
ದಿಣ್ಣೆ ಕಡೆ ಜಾಸ್ತಿ. ನಾನು ಉಂಗುರ ಬಡಿದಿದ್ದು ತಗ್ಗಲ್ಲಿ ಮಾತ್ರ. ಭಾನುವಾರ ಮೇಲೆ ಎರಡು ಗುಂಡಿ ತೋಡಿ ಅಂಕಿ ಹಾಕ್ತೀನಿ.