ರೈಸ್ ಮಿಲ್ ಕೊಂಡರೆ ಗುಡ್‌ವಿಲ್ ಎಷ್ಟು?

ಗಂಗಾವತಿ ಮಿಲ್‌ನವರು: ಮೇಡಂ, ನಡೆಯುತ್ತಿರುವ ರೈಸ್ ಮಿಲ್ ಒಂದನ್ನು ಹಾಗೇ 1.50 ಕೋಟಿಗೆ ಕೊಳ್ಳುತ್ತಿದ್ದೇವೆ. ಕಟ್ಟಡ ಬಾಡಿಗೆಯದು. ಅವರ ಪುಸ್ತಕದಲ್ಲಿ ಮಷಿನ್ 60 ಲಕ್ಷ, ಸ್ಟಾಕ್ 30, ಬರಬೇಕಾದ ಬಾಕಿ 20, ಕೊಡಬೇಕಾದ್ದು 30. ನಿವ್ವಳ 80. ಉಳಿದ 70 ಲಕ್ಷ ಗುಡ್‌ವಿಲ್ ಅಲ್ವಾ?

ಸಿಂಧನೂರು ಟ್ರೇಡರ್: ಹೌದಣ್ಣ, ಬೆಲೆಯಲ್ಲಿ ಆಸ್ತಿ ಕಳೆದರೆ ಉಳಿದದ್ದೇ ಗುಡ್‌ವಿಲ್.

ಸಿಎ ಮೇಡಂ, ಬಳ್ಳಾರಿ: ಕಳೆಯುವ ರೀತಿ ಸರಿ, ಅಂಕಿ ಸರಿಯಿಲ್ಲ. 60 ಲಕ್ಷ ಅನ್ನೋದು ಡಿಪ್ರಿಸಿಯೇಷನ್ ಕಳೆದ ಹಳೆ ಬೆಲೆ. ಇವತ್ತಿನ ಬೆಲೆಯನ್ನು ವ್ಯಾಲ್ಯೂಯರ್ ಹತ್ತಿರ ಹಾಕಿಸಿ. ಅದು 85 ಬಂತು ಅಂದುಕೊಳ್ಳಿ. ಬಾಕಿಯ ಪಟ್ಟಿ ತರಿಸಿ, ವರ್ಷದಿಂದ ಅಲ್ಲಾಡದೆ ಕೂತದ್ದನ್ನು ನೋಡಿ. 5 ಲಕ್ಷ ಬರೋದಿಲ್ಲ ಅನ್ನಿಸಿದರೆ 15 ಮಾತ್ರ ಹಿಡಿಯಿರಿ. ಅಕ್ಕಿ ಚೀಲದ ಮೇಲಿನ ಹೆಸರು ನೋಂದಾಯಿತ ಟ್ರೇಡ್‌ಮಾರ್ಕ್ ಆಗಿದ್ದರೆ ಅದಕ್ಕೆ ಬೇರೆ ಬೆಲೆ, 20 ಅನ್ನೋಣ. ಸ್ಟಾಕ್ 30 ಸೇರಿ 150. ಸಾಲ 30 ಕಳೆದರೆ 120. ಗುಡ್‌ವಿಲ್ 30 ಲಕ್ಷ.

ಇದು ಸುಮ್ನೆ ಪುಸ್ತಕದ ಆಟವಲ್ಲ. ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಮಷಿನ್‌ಗೆ ವರ್ಷಕ್ಕೆ 15%, ಟ್ರೇಡ್‌ಮಾರ್ಕ್‌ಗೆ 25% ಡಿಪ್ರಿಸಿಯೇಷನ್ ಸಿಗುತ್ತದೆ. ಗುಡ್‌ವಿಲ್‌ಗೆ ಏನೂ ಇಲ್ಲ. ಹಾಗಂತ ಎಲ್ಲವನ್ನೂ ಟ್ರೇಡ್‌ಮಾರ್ಕ್‌ಗೆ ತುಂಬಬೇಡಿ. ಅಧಿಕಾರಿ ವ್ಯಾಲ್ಯುಯೇಷನ್ ರಿಪೋರ್ಟ್ ಕೇಳುತ್ತಾರೆ.

ಕೊಪ್ಪಳ ಏಜೆಂಟ್: ಫಾರ್ವರ್ಡ್ ಬಂದಿದೆ: "ಗುಡ್‌ವಿಲ್‌ಗೂ 25%, ಸುಪ್ರೀಂ ಕೋರ್ಟ್ ಹೇಳಿದೆ!"

ಸಿಎ ಮೇಡಂ: ಅದು 2012ರ ತೀರ್ಪು. 2021ರ ಫೈನಾನ್ಸ್ ಆಕ್ಟ್ ಬಂದು ಆ ದಾರಿ ಮುಚ್ಚಿತು. 2021-22ರ ಅಸೆಸ್‌ಮೆಂಟ್ ವರ್ಷದಿಂದ ಇಲ್ಲ. ಇದೇ ಮೆಸೇಜ್ ನೋಡಿ ಒಬ್ಬರು ರಿಟರ್ನ್ ಹಾಕಿ ಆಮೇಲೆ ಓಡಾಡಿದರು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ರಾಯಚೂರು ಮೆಡಿಕಲ್: ನಮ್ಮ ಅಂಗಡಿ ಹೆಸರಿಗೆ 28 ವರ್ಷ. ಗುಡ್‌ವಿಲ್ ಅಂತ ನಮ್ಮ ಪುಸ್ತಕದಲ್ಲಿ ಬರೆಯಬಹುದಾ?

ಸಿಎ ಮೇಡಂ: ಇಲ್ಲ. ದುಡ್ಡು ಕೊಟ್ಟು ಕೊಂಡದ್ದಷ್ಟೇ.

ಸಿಂಧನೂರು ಟ್ರೇಡರ್: ಹೆಸರಿಗೆ ಯಾಕೆ ದುಡ್ಡು? ಗಿರಾಕಿ ಬರೋದು ಮಾಲೀಕನ ಮುಖ ನೋಡಿ. ಅವನೇ ಪಕ್ಕದಲ್ಲಿ ಮಿಲ್ ಹಾಕಿದರೆ?

ಕೊಪ್ಪಳ ಏಜೆಂಟ್: ಹಾಕಬಾರದು ಅಂತ ಬರೆಸಿಕೊಂಡರೆ ಕೋರ್ಟಲ್ಲಿ ನಿಲ್ಲಲ್ಲ. ವ್ಯಾಪಾರ ತಡೆಯೋ ಕರಾರು ಅಸಿಂಧು.

ಸಿಂಧನೂರು ಟ್ರೇಡರ್: ಫಾರ್ವರ್ಡ್ ಓದಿ ವಕೀಲರಾದಿರಾ?

ಸಿಎ ಮೇಡಂ: ಏಜೆಂಟರೇ, ಅರ್ಧ ಓದಿದ್ದೀರಿ. ಕಾಂಟ್ರಾಕ್ಟ್ ಆಕ್ಟ್ 27ನೇ ಕಲಮಿನಲ್ಲೇ ಒಂದು ವಿನಾಯಿತಿ ಇದೆ. ಗುಡ್‌ವಿಲ್ ಮಾರಿದವನು ಗೊತ್ತುಮಾಡಿದ ಊರ ಗಡಿಯೊಳಗೆ ಅದೇ ವ್ಯಾಪಾರ ಮಾಡಲ್ಲ ಅಂತ ಒಪ್ಪಬಹುದು. ಗಡಿ ಮಾತ್ರ ಅತಿಯಾಗಬಾರದು. ಗಂಗಾವತಿ ತಾಲ್ಲೂಕು ಅಂದರೆ ವಾದಿಸಬಹುದು, ಇಡೀ ಕರ್ನಾಟಕ ಅಂದರೆ ಕಷ್ಟ. ಕರಾರಿನಲ್ಲಿ ಗುಡ್‌ವಿಲ್ ಮಾರಿದ್ದು ಸ್ಪಷ್ಟವಾಗಿರಲಿ.

ಗಂಗಾವತಿ ಮಿಲ್‌ನವರು: ಮಾರುವವರ ತಮ್ಮನ ಮಿಲ್ ಎರಡು ಕಿಲೋಮೀಟರ್ ದೂರದಲ್ಲೇ ಇದೆ ಮೇಡಂ...

ಸಿಎ ಮೇಡಂ: ಇದನ್ನು ಮೊದಲೇ ಹೇಳಬಾರದಿತ್ತಾ? ತಮ್ಮ ಸಹಿ ಹಾಕದಿದ್ದರೆ ಅವರನ್ನು ಆ ಕರಾರು ಕಟ್ಟಿಹಾಕಲ್ಲ. ಸಹಿ ಆಗೋವರೆಗೂ ಆ 30 ಲಕ್ಷ ಕೊಡಬೇಡಿ.

ಹೊಸಪೇಟೆ ಹೋಟೆಲ್: ಮೇಡಂ, ಮಳಿಗೆಯ ಪಗಡಿಯೂ ಗುಡ್‌ವಿಲ್ಲಾ?

ರಾಯಚೂರು ಮೆಡಿಕಲ್: ನನ್ನ 28 ವರ್ಷದ್ದು ಇನ್ನೊಮ್ಮೆ ನೋಡಿ ಮೇಡಂ.

ಸಿಎ ಮೇಡಂ: ಮೇಲೆ ಓದಿ.