ಅದೇ ಗದ್ದೆ, ಎರಡು ಸಲ ಮಣ್ಣು ಪರೀಕ್ಷೆ: 180 ಇದ್ದ ಪೊಟ್ಯಾಷ್ 410 ಆಗಿದೆ

ಮದ್ದೂರು ಕಬ್ಬು: ವಿ.ಸಿ. ನಾಲೆ ಬಯಲಿನ ಒಂದೆಕರೆ. ಮಾರ್ಚ್‌ನಲ್ಲಿ ಹೆಕ್ಟೇರಿಗೆ 180 ಕಿಲೋ ಪೊಟ್ಯಾಷ್ ಅಂತ ವರದಿ ಬಂತು, ಮೇನಲ್ಲಿ 410. ನಡುವೆ ಗೊಬ್ಬರ ಹಾಕಿಲ್ಲ. ಕೇಳಿದ್ದಕ್ಕೆ ಲ್ಯಾಬಿನ ಕೆಮಿಸ್ಟ್ ಬರೆದ ಪತ್ರ ಇದು. ಸರಿಯಿದೆಯಾ?

> ಮಾನ್ಯರೇ,
> ನಿಮ್ಮ ಎರಡೂ ಮಾದರಿಗಳಲ್ಲಿ ಉಳಿದಿದ್ದ ಮಣ್ಣನ್ನು ಒಂದೇ ದಿನ, ಒಟ್ಟಿಗೆ ಮತ್ತೆ ಪರೀಕ್ಷಿಸಿದೆ. 176 ಮತ್ತು 402 ಬಂತು. ಅಂದರೆ ವ್ಯತ್ಯಾಸ ಪರೀಕ್ಷೆಯಲ್ಲಲ್ಲ, ಲ್ಯಾಬಿಗೆ ಬಂದ ಮಣ್ಣಿನಲ್ಲೇ ಇದೆ.
>
> ಎರಡರಲ್ಲೂ ಪಿಎಚ್ 7.6, ರಂಜಕವೂ ಹೆಚ್ಚುಕಡಿಮೆ ಅಷ್ಟೇ. ಉಪ್ಪಿನ ಅಂಶ ತೋರಿಸುವ ಇ.ಸಿ. ಮಾತ್ರ 0.30ರಿಂದ 0.44ಕ್ಕೆ ಏರಿದೆ. ಬೂದಿ ಸೇರಿದ್ದರೆ ಪಿಎಚ್ ಕೂಡ ಏರಬೇಕಿತ್ತು. ಕಾಂಪ್ಲೆಕ್ಸ್ ಗೊಬ್ಬರವಾಗಿದ್ದರೆ ರಂಜಕ ಏರಬೇಕಿತ್ತು. ಪೊಟ್ಯಾಷ್ ಮತ್ತು ಉಪ್ಪು ಎರಡೇ ಏರಿರುವುದರಿಂದ ನನ್ನ ಅನುಮಾನ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಮೇಲೆ. ಎರಡನೇ ಸಲ ಮಣ್ಣನ್ನು ಹಳೇ ಗೊಬ್ಬರದ ಚೀಲದಲ್ಲಿ ತಂದಿದ್ದಾಗಿ ನೀವೇ ಬರೆದಿದ್ದೀರಿ.
>
> ಒಂದು ಹೆಕ್ಟೇರಿನ ಮೇಲ್ಮಣ್ಣು ಸುಮಾರು 22.4 ಲಕ್ಷ ಕಿಲೋ ಅಂತ ಲೆಕ್ಕ, ಹಾಗಾಗಿ ಹೆಕ್ಟೇರಿನ 230 ಕಿಲೋ ಹೆಚ್ಚಳವನ್ನು 2.24ರಿಂದ ಭಾಗಿಸಿದರೆ ಕಿಲೋ ಮಣ್ಣಿಗೆ ಸುಮಾರು 100 ಮಿಲಿಗ್ರಾಂ. ನೀವು ತಂದ ಅರ್ಧ ಕಿಲೋಗೆ 50. ಆ ಗೊಬ್ಬರದಲ್ಲಿ ಪೊಟ್ಯಾಷ್ ಶೇ. 60 ಇರುವುದರಿಂದ 85 ಮಿಲಿಗ್ರಾಂ ಗೊಬ್ಬರ ಸಾಕು. ಚೀಲದ ಹೊಲಿಗೆಯಲ್ಲಿ ಅಷ್ಟು ಅಂಟಿಕೊಂಡಿರುವುದು ದೊಡ್ಡದಲ್ಲ.
>
> ಇನ್ನೊಮ್ಮೆ ತೆಗೆಯಿರಿ. ಬದು, ಕಾಲುವೆ, ತಿಪ್ಪೆ ಬಿಟ್ಟು 10–12 ಕಡೆ 15 ಸೆಂ.ಮೀ. ಆಳದ ಗುಣಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರ ಕೆತ್ತಿಕೊಳ್ಳಿ. ತೊಳೆದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಬಿಸಾಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ ಹೊಸ ಬಟ್ಟೆ ಚೀಲದಲ್ಲಿ ತನ್ನಿ.

ಪೇಟೆ ರೈತ: ಚೀಲ ಅಲ್ಲ ಕಣಣ್ಣ. ಮಾರ್ಚ್‌ನಲ್ಲಿ ಮಣ್ಣು ಹಸಿ, ಮೇನಲ್ಲಿ ಬಿರು ಒಣ. ಒಣಗಿದ ಮಣ್ಣು ಪೊಟ್ಯಾಷ್ ಜಾಸ್ತಿ ತೋರಿಸುತ್ತೆ.

ಮಣ್ಣುಮಾಪಕ: ಒಣಗಿದರೆ ಪೊಟ್ಯಾಷ್ ಬದಲಾಗುವುದು ನಿಜ. ಆದರೆ ಲ್ಯಾಬಲ್ಲಿ ಎರಡನ್ನೂ ಒಣಗಿಸಿಯೇ ಜರಡಿ ಹಿಡಿದಿರುತ್ತಾರೆ. ಇ.ಸಿ. ಏರಿದ್ದಕ್ಕೂ ಅದರಿಂದ ಉತ್ತರ ಸಿಗಲ್ಲ.

ಹುಣಸೂರು ಕೆಂಪುಮಣ್ಣು: ನನಗೂ ಹಿಂಗೇ, ಎರಡು ಲ್ಯಾಬಲ್ಲಿ ರಂಜಕ ಬೇರೆ ಬೇರೆ. ನಾನೂ ಚೀಲ ಬದಲಾಯಿಸಬೇಕಾ?

ಮಣ್ಣುಮಾಪಕ: ನಿಮ್ಮದು ಬೇರೆ ವಿಷಯ ಸರ್. ಹುಳಿ ಮಣ್ಣಿಗೆ ಬ್ರೇ ವಿಧಾನ, ಉಳಿದದ್ದಕ್ಕೆ ಓಲ್ಸನ್. ಯಾವ ಲ್ಯಾಬ್ ಯಾವುದು ಮಾಡಿತು ಅಂತ ಮೊದಲು ಕೇಳಿ.

ಮದ್ದೂರು ಕಬ್ಬು: ಒಂದು ಮಾತು ಪತ್ರದಲ್ಲಿ ಬರೆದಿರಲಿಲ್ಲ. ಏಪ್ರಿಲ್‌ನಲ್ಲಿ ಒಂದು ಮೂಲೇಲಿ ತರಗು ಸುಟ್ಟಿದ್ದೆ. ಅಲ್ಲಿನ ಗುಣಿಯೂ ಸೇರಿರಬಹುದು.

ಮಣ್ಣುಮಾಪಕ: ಹಾಗಾದರೆ ಚೀಲದ ಮೇಲೆ ಪೂರ್ತಿ ತಪ್ಪು ಹೊರಿಸಲಾಗಲ್ಲ. ಸುಣ್ಣಕಲ್ಲಿನ ಮಣ್ಣಾದರೆ ಸ್ವಲ್ಪ ಬೂದಿಗೆ ಪಿಎಚ್ ಅಲುಗಾಡದೇ ಇರಬಹುದು. ಆ ಮೂಲೆಯದನ್ನು ಬೇರೆ ಮಾದರಿಯಾಗಿ ಕೊಡಿ, ಉಳಿದ ಗದ್ದೆಗೆ ಬೆರೆಸಬೇಡಿ. ಅಲ್ಲೀತನಕ ಪೊಟ್ಯಾಷ್ ಹಾಕುವುದು ಮಾರ್ಚ್ ವರದಿಯ ಲೆಕ್ಕಕ್ಕೇ.