ಹೊಸ ಫೋನ್‌ನಲ್ಲಿ ಕೋಡ್ ಬರುತ್ತದೆ, ಆದರೆ ಒಳಗೆ ಬಿಡುತ್ತಿಲ್ಲ

ಹೊನ್ನಾವರದಿಂದ ಕೇಳಿದ್ದು: ಅಣ್ಣ ದುಬೈಯಿಂದ ಬರುವಾಗ ನನಗೊಂದು ಫೋನ್ ತಂದ. ಹಳೆ ಫೋನ್‌ನ ಗೂಗಲ್ ಅಥೆಂಟಿಕೇಟರ್ ಖಾತೆಗಳನ್ನು ಕ್ಯೂಆರ್ ಸ್ಕ್ಯಾನ್ ಮಾಡಿ ಇದಕ್ಕೆ ಹಾಕಿಕೊಂಡೆ. ಹೆಸರುಗಳೆಲ್ಲ ಬಂದಿವೆ, ಆರಂಕಿಯ ಕೋಡೂ ಬದಲಾಗುತ್ತಿದೆ. ಆದರೆ ಮೇಲ್‌ಗೆ ಹಾಕಿದರೂ ಆಫೀಸಿನ ಸೈಟಿಗೆ ಹಾಕಿದರೂ ಕೋಡ್ ತಪ್ಪು ಅನ್ನುತ್ತದೆ. ನಾಳೆ ಹಳೆ ಫೋನ್ ರೀಸೆಟ್ ಮಾಡಿ ತಂಗಿಗೆ ಕೊಡಬೇಕು. ಯಾರಿಗಾದರೂ ಹೀಗಾಗಿತ್ತಾ?

ಅಂಕೋಲಾದಿಂದ: ನನಗೂ ಆಗಿತ್ತು ಅಕ್ಕಾ. ಹೊಸ ಸಿಮ್ ಹಾಕಿದ ಮೇಲೆ ಒಂದು ದಿನ ಬ್ಯಾಂಕಿನ ಓಟಿಪಿ ಬರಲೇ ಇಲ್ಲ. ಮರುದಿನ ತಾನಾಗೇ ಬಂತು. ಸುಮ್ನೆ ಒಂದು ದಿನ ಕಾಯಿರಿ.

ಶಿರಸಿಯಿಂದ: ಅದು ಎಸ್ಸೆಮ್ಮೆಸ್ ಓಟಿಪಿ, ಇದು ಬೇರೆ. ಇದಕ್ಕೆ ಸಿಮ್ಮೂ ಬೇಡ, ನೆಟ್‌ವರ್ಕೂ ಬೇಡ. ನಮ್ಮ ಮನೆ ಘಟ್ಟದ ಒಳಗೆ, ಸಿಗ್ನಲ್ ಇಲ್ಲ, ಆದರೂ ಕೋಡ್ ಬರುತ್ತದೆ. ಒಮ್ಮೆ ನನ್ನ ಫೋನ್ ಮೂರು ನಿಮಿಷ ಹಿಂದಿತ್ತು, ಆಗ ನಿಮ್ಮ ಹಾಗೇ ಆಯಿತು. ಗೋಡೆ ಗಡಿಯಾರ ನೋಡಿ ಸಮಯ ಸರಿ ಮಾಡಿ, ಸಾಕು. ಟೈಮ್ ಝೋನ್ ಏನಿದ್ದರೂ ಪರವಾಗಿಲ್ಲ. ಅದಕ್ಕೂ ಸರಿಯಾಗದಿದ್ದರೆ ಆ್ಯಪ್ ತೆಗೆದು ಮತ್ತೆ ಹಾಕಿ.

ಕುಮಟಾದಿಂದ: ದಯವಿಟ್ಟು ಆ್ಯಪ್ ತೆಗೆಯಬೇಡಿ ಮೇಡಂ. ಹಳೆ ಫೋನನ್ನೂ ಇವತ್ತು ಮುಟ್ಟಬೇಡಿ. ಗೂಗಲ್ ಖಾತೆಗೆ ಸಿಂಕ್ ಆಗಿರದಿದ್ದರೆ, ಆ್ಯಪ್ ಜೊತೆಗೇ ಕೀಲಿಗಳೂ ಹೋಗುತ್ತವೆ.

ಮೊದಲು ಎರಡೂ ಫೋನನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಒಂದೇ ಖಾತೆಯ ಕೋಡ್ ನೋಡಿ. ಕೋಡ್ ಹುಟ್ಟುವುದು ಎರಡರಿಂದ: ಆ ಖಾತೆಯ ಗುಟ್ಟಿನ ಕೀಲಿ ಮತ್ತು ಸಮಯ. 1970ರ ಜನವರಿ 1ರಿಂದ ಎಷ್ಟು ಮೂವತ್ತು ಸೆಕೆಂಡು ಕಳೆದಿದೆ ಅಂತ ಫೋನ್ ಎಣಿಸುತ್ತದೆ, ಆ ಕಡೆ ಸೈಟೂ ಅದೇ ಲೆಕ್ಕ ಹಾಕುತ್ತದೆ. ಅರ್ಧ ನಿಮಿಷ ಆಚೀಚೆ ಆದರೆ ಹೆಚ್ಚಿನ ಸೈಟುಗಳು ಒಪ್ಪುತ್ತವೆ, ಅದಕ್ಕಿಂತ ಜಾಸ್ತಿ ಆದರೆ ಇಲ್ಲ. ಕ್ಯೂಆರ್‌ನಿಂದ ಬಂದ ಖಾತೆಯಲ್ಲಿ ಕೀಲಿ ಹಳೆಯದೇ. ಹಾಗಿದ್ದೂ ಎರಡು ಫೋನಿನಲ್ಲಿ ಬೇರೆ ಬೇರೆ ಅಂಕಿ ಬಂದರೆ ತಪ್ಪು ಸಮಯದ್ದು.

ಶಿರಸಿಯವರು ಝೋನ್ ಬಗ್ಗೆ ಹೇಳಿದ್ದು ಅರ್ಧ ಸರಿ. ಲೆಕ್ಕ ನಡೆಯುವುದು ಇಡೀ ಜಗತ್ತಿಗೆ ಒಂದೇ ಆದ ಸಮಯದಲ್ಲಿ, ಹಾಗಾಗಿ ದುಬೈ ಝೋನ್ ಇದ್ದರೂ ಕೋಡ್ ಸರಿಯೇ ಬರಬೇಕು. ಆದರೆ ಝೋನ್ ದುಬೈಯದ್ದೇ ಉಳಿದು, ನೀವು ಗೋಡೆ ಗಡಿಯಾರ ನೋಡಿ ಮುಳ್ಳು ತಿರುಗಿಸಿದ್ದರೆ? ಅದನ್ನೊಮ್ಮೆ ಹೇಳಿ.

ಹೊನ್ನಾವರದಿಂದ: ಹೌದು ಸರ್! ಫೋನ್ ತೆರೆದಾಗ ಒಂದೂವರೆ ಗಂಟೆ ಹಿಂದಿತ್ತು. ನಾನೇ ಕೈಯಿಂದ ಮುಂದೆ ಮಾಡಿದೆ. ಈಗ ನಮ್ಮ ಗಡಿಯಾರಕ್ಕೆ ಸರಿಯಾಗೇ ಇದೆ. ಕೋಡ್ ನೋಡಿದೆ, ಎರಡರಲ್ಲೂ ಬೇರೆ ಬೇರೆ. ಇನ್ನೊಂದು ವಿಷಯ, ಈಗಷ್ಟೇ ಬಂದ ವಾಟ್ಸಾಪ್ ಮೆಸೇಜಿನ ಕೆಳಗೆ ಒಂದೂವರೆ ಗಂಟೆ ಹಿಂದಿನ ಸಮಯ ಕಾಣುತ್ತದೆ. ಅದೂ ಇದಕ್ಕೇನಾ?

ಕುಮಟಾದಿಂದ: ಅದೇ. ಇಲ್ಲಿ ಬೆಳಿಗ್ಗೆ ಹತ್ತು ಅಂದರೆ ದುಬೈಯಲ್ಲಿ ಎಂಟೂವರೆ. ನೀವು ಹತ್ತು ಅಂತ ಇಟ್ಟಿರಿ, ಫೋನ್ ಅದನ್ನು ದುಬೈಯ ಹತ್ತು ಅಂತ ತಿಳಿಯಿತು. ಪರದೆ ಮೇಲೆ ಸರಿ, ಒಳಗೆ 90 ನಿಮಿಷ ಮುಂದೆ. ಅಂದರೆ ಇನ್ನು ಒಂದೂವರೆ ಗಂಟೆ ಬಿಟ್ಟು ಬರಬೇಕಾದ ಕೋಡ್ ನಿಮಗೆ ಈಗಲೇ ಕಾಣುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ `Date & time` ತೆರೆದು, ಸಮಯ ಮತ್ತು ಝೋನ್ ಎರಡನ್ನೂ ಆಟೊಮ್ಯಾಟಿಕ್ ಮಾಡಿ. ಝೋನ್ ಕೋಲ್ಕತಾ, `GMT+05:30` ಅಂತ ಬಂತಾ ನೋಡಿ. ಆಮೇಲೆ ಬ್ರೌಸರ್‌ನಲ್ಲಿ `time.is` ತೆರೆದರೆ ನಿಮ್ಮ ಗಡಿಯಾರ ಎಷ್ಟು ಆಚೀಚೆ ಇದೆ ಅಂತ ಅದೇ ಹೇಳುತ್ತದೆ.

ಕಾರವಾರದಿಂದ: ನನ್ನ ಹಳೆ ಫೋನ್ ಮಳೆಗಾಲದಲ್ಲಿ ನೀರು ಕುಡಿದು ಸತ್ತೇಹೋಯಿತು, `Export accounts` ಮಾಡಲು ಪರದೆಯೇ ಇರಲಿಲ್ಲ. ಮೇಲ್‌ಗೆ ಮಾತ್ರ ಬ್ಯಾಕಪ್ ಕೋಡ್ ಡೈರಿಯಲ್ಲಿ ಬರೆದಿಟ್ಟಿದ್ದೆ, ಹತ್ತು ಕೋಡಿನಲ್ಲಿ ಒಂದು ಬಳಸಿ ಒಳಗೆ ಹೋದೆ. ಇನ್ನೊಂದು ಖಾತೆ ಇವತ್ತಿಗೂ ಸಿಕ್ಕಿಲ್ಲ. 2023ರಿಂದ ಈ ಆ್ಯಪಿನಲ್ಲಿ ಗೂಗಲ್ ಖಾತೆಗೆ ಸಿಂಕ್ ಮಾಡುವ ಸೌಲಭ್ಯ ಇದೆ, ನಾನು ಆನ್ ಮಾಡಿರಲಿಲ್ಲ. ಆದರೆ ಮೇಲ್ ಖಾತೆಯೇ ಬೇರೆಯವರ ಕೈಗೆ ಹೋದರೆ ಕೀಲಿಗಳೂ ಹೋಗುತ್ತವಲ್ವಾ? ಆ ಭಯ ನನಗಿನ್ನೂ ಇದೆ.

ಕುಮಟಾದಿಂದ: ಆ ಭಯ ತಪ್ಪಲ್ಲ. ನಾನೂ ಸಿಂಕ್ ಇಟ್ಟಿಲ್ಲ, ಹಳೆ ಫೋನನ್ನೇ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ. ನನ್ನ ತಂಗಿ ಸಿಂಕ್ ಇಟ್ಟುಕೊಂಡಿದ್ದಾಳೆ. ಅವಳ ಫೋನ್ ವರ್ಷಕ್ಕೊಮ್ಮೆ ಕಳೆದುಹೋಗುತ್ತದೆ, ಅವಳಿಗೆ ಅದೇ ಸರಿ.

ಹೊನ್ನಾವರದಿಂದ: ಝೋನ್ ಸರಿ ಮಾಡಿದ ತಕ್ಷಣ ಎರಡೂ ಫೋನಿನಲ್ಲಿ ಒಂದೇ ಅಂಕಿ ಬಂತು ಸರ್, ಮೇಲ್ ತೆರೆಯಿತು! ಆಫೀಸಿನ ಸೈಟು ಮಾತ್ರ ಈಗಲೂ ತಪ್ಪು ಅನ್ನುತ್ತಿದೆ. ಹಳೆ ಫೋನಿನ ಕೋಡನ್ನೂ ಒಪ್ಪುತ್ತಿಲ್ಲ.

ಕುಮಟಾದಿಂದ: ಹಾಗಾದರೆ ತೊಂದರೆ ನಿಮ್ಮ ಫೋನಿನದ್ದಲ್ಲ. ಬೆಳಿಗ್ಗೆಯಿಂದ ಎಷ್ಟು ಸಲ ತಪ್ಪು ಕೋಡ್ ಹಾಕಿದಿರಿ? ಕೆಲವು ಸೈಟುಗಳು ಸ್ವಲ್ಪ ಹೊತ್ತು ಖಾತೆ ಲಾಕ್ ಮಾಡುತ್ತವೆ. ನಡುವೆ ಯಾವಾಗಲಾದರೂ ಹೊಸದಾಗಿ ಕ್ಯೂಆರ್ ಕೇಳಿದ್ದರೆ ಹಳೆ ಕೀಲಿ ರದ್ದಾಗಿರಲೂಬಹುದು. ಆಫೀಸಿನ ಐಟಿಯವರನ್ನು ಕೇಳಿ, ಅವರೇ ನೋಡಿ ಹೇಳಬೇಕು.

ಹೊನ್ನಾವರದಿಂದ: ಇಪ್ಪತ್ತು ಸಲವಾದರೂ ಹಾಕಿರಬೇಕು. ಸೋಮವಾರ ಕೇಳುತ್ತೇನೆ. ತಂಗಿಗೆ ಫೋನ್ ಈ ವಾರ ಇಲ್ಲ ಅಂತ ಹೇಳಿದ್ದಾಯಿತು.